ದಾಶಿ, ಉಮಾಮಿ, ಮಿರಿನ್: ಒಂದು ಪಾತ್ರೆ ಕುಂಬಳಕಾಯಿಯಲ್ಲಿ ಯಾವುದರ ಕೆಲಸ ಏನು?

ಜಪಾನಿನ ಮನೆಗಳಲ್ಲಿ, ವಿಶೇಷವಾಗಿ ವರ್ಷದ ಅತಿ ಚಿಕ್ಕ ಹಗಲಿನ ದಿನದ ಆಸುಪಾಸಿನಲ್ಲಿ, ಕಬೋಚಾ ಎಂಬ ಸಿಹಿಗುಂಬಳವನ್ನು ಸಿಪ್ಪೆಯ ಸಮೇತ ದೊಡ್ಡ ಹೋಳುಗಳಾಗಿ ಕತ್ತರಿಸಿ ಸ್ವಲ್ಪವೇ ದ್ರವದಲ್ಲಿ ನಿಧಾನವಾಗಿ ಬೇಯಿಸುತ್ತಾರೆ. ಹೀಗೆ ಮಸಾಲೆಯಿಲ್ಲದ ತೆಳುವಾದ ರಸದಲ್ಲಿ ತರಕಾರಿ, ಮೀನು ಅಥವಾ ಮಾಂಸವನ್ನು ಬೇಯಿಸುವ ಅಡುಗೆಗೆ ನಿಮೊನೊ ಎಂದು ಹೆಸರು. ಕಬೋಚಾ ನಿಮೊನೊದ ಪಾಕವಿಧಾನವನ್ನು ತೆರೆದರೆ ಕಾಣುವ ಪಟ್ಟಿ ಬಹಳ ಚಿಕ್ಕದು: 400 ಗ್ರಾಂ ಕಬೋಚಾ, 250 ಮಿ.ಲೀ. ದಾಶಿ, ಎರಡು ದೊಡ್ಡ ಚಮಚ ಮಿರಿನ್, ಒಂದು ದೊಡ್ಡ ಚಮಚ ಸಕ್ಕರೆ, ಒಂದೂವರೆ ದೊಡ್ಡ ಚಮಚ ಶೋಯು, ಅಂದರೆ ಸೋಯಾ ಸಾಸ್. ಪಟ್ಟಿಯ ಮೇಲಿನ ವಿವರಣೆಯಲ್ಲಿ ಎಲ್ಲಾದರೂ ಒಂದು ಕಡೆ ಉಮಾಮಿ ಎಂಬ ಮಾತು ಬಂದೇ ಬರುತ್ತದೆ. ಎಣ್ಣೆಯಿಲ್ಲ, ಒಗ್ಗರಣೆಯಿಲ್ಲ, ಮೆಣಸಿನಕಾಯಿಯಿಲ್ಲ, ಹುಳಿಯೂ ಇಲ್ಲ. ಇಷ್ಟು ಕಡಿಮೆ ಸಾಮಗ್ರಿ ಇರುವ ಅಡುಗೆಯಲ್ಲಿ ಯಾವುದಾದರೂ ಒಂದನ್ನು ಬಿಟ್ಟರೆ ಅಥವಾ ಬದಲಿಸಿದರೆ ಅದರ ಪರಿಣಾಮ ಮರೆಯಾಗಿ ಉಳಿಯುವುದಿಲ್ಲ. ಆದುದರಿಂದಲೇ ಈ ಪದಗಳ ಹಿಂದಿರುವ ವಸ್ತುಗಳನ್ನು ಅರಿಯಲು ಈ ಒಂದು ಅಡುಗೆ ಸಾಕಾಗುತ್ತದೆ.

ಮೊದಲಿಗೆ ಈ ಮೂರು ಒಂದೇ ಜಾತಿಯವಲ್ಲ ಎಂಬುದನ್ನು ಗಮನಿಸಬೇಕು. ದಾಶಿ ಎಂಬುದು ಒಣಗಿಸಿದ ಪದಾರ್ಥಗಳ ಸಾರವನ್ನು ನೀರಿಗೆ ಇಳಿಸಿ ಸೋಸಿದ ತಿಳಿಯಾದ ದ್ರವ; ಮಿರಿನ್ ಬಾಟಲಿಯಲ್ಲಿ ಸಿಗುವ, ಅಕ್ಕಿಯಿಂದ ಮಾಡಿದ ಸಿಹಿ ದ್ರವ; ಉಮಾಮಿಯಾದರೋ ಅಂಗಡಿಯಲ್ಲಿ ಕೊಳ್ಳುವ ವಸ್ತುವಲ್ಲ, ನಾಲಿಗೆ ಗುರುತಿಸುವ ಒಂದು ರುಚಿ. ದಾಶಿಯನ್ನು ಮಾಡುವುದೇ ಉಮಾಮಿಗಾಗಿ, ಮತ್ತು ಮಿರಿನ್ ಆ ರುಚಿಯ ಸುತ್ತ ಸಿಹಿ, ಹೊಳಪು ಮತ್ತು ಪರಿಮಳಗಳನ್ನು ಕೂಡಿಸುತ್ತದೆ.

ದಾಶಿಯ ಸ್ಥಾನವನ್ನು ಕನ್ನಡದ ಓದುಗರಿಗೆ ತಿಳಿಸಲು ಕಟ್ಟಿನ ಸಾರಿನ ಬೇಳೆಕಟ್ಟು ಸಹಾಯಕ್ಕೆ ಬರುತ್ತದೆ. ಬೇಳೆ ಬೆಂದ ನೀರನ್ನು ಬಸಿದು ಅದರ ಮೇಲೆ ಸಾರನ್ನು ಕಟ್ಟುವಂತೆ, ಜಪಾನಿನಲ್ಲಿ ಮಿಸೊ ಸೂಪು, ನಿಮೊನೊ, ಉದೊನ್ ಮತ್ತು ಸೋಬಾ ಎಂಬ ನೂಡಲ್‌ಗಳ ರಸ, ಮೊಟ್ಟೆಯ ಆವಿ ಕಡುಬು ಎಲ್ಲವನ್ನೂ ದಾಶಿಯ ಮೇಲೆ ಕಟ್ಟುತ್ತಾರೆ. ಅಡುಗೆ ಮುಗಿದ ಮೇಲೆ ದಾಶಿ ಪ್ರತ್ಯೇಕವಾಗಿ ಕಾಣುವುದಿಲ್ಲ, ಆದರೆ ಅದರ ಬದಲು ಬರಿಯ ನೀರನ್ನು ಬಳಸಿದರೆ ಕಬೋಚಾ ಹೋಳಿನಲ್ಲಿ ಸಿಹಿ ಮತ್ತು ಉಪ್ಪು ಮಾತ್ರ ಬೇರೆ ಬೇರೆಯಾಗಿ ನಾಲಿಗೆಗೆ ತಾಕುತ್ತವೆ, ಅವೆರಡನ್ನೂ ಹಿಡಿದು ಒಂದಾಗಿಸುವ ರುಚಿ ಇಲ್ಲವಾಗುತ್ತದೆ.

ಆ ಹಿಡಿದು ನಿಲ್ಲಿಸುವ ರುಚಿಗೆ ಹೆಸರಿಟ್ಟವರು ಟೋಕಿಯೊ ಸಾಮ್ರಾಜ್ಯ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೇದಾ. ಸಿಹಿ, ಹುಳಿ, ಉಪ್ಪು, ಕಹಿ ಎಂಬ ನಾಲ್ಕರಲ್ಲಿ ಯಾವುದಕ್ಕೂ ಸೇರದ ಒಂದು ರುಚಿ ಕೊಂಬು ಎಂಬ ಸಮುದ್ರ ಪಾಚಿಯ ದಾಶಿಯಲ್ಲಿದೆ ಎಂದು ಅವರು ನಂಬಿ, 1908ರಲ್ಲಿ ಕೊಂಬುವಿನಿಂದ ಗ್ಲುಟಾಮಿಕ್ ಆಮ್ಲವನ್ನು ಬೇರ್ಪಡಿಸಿ, ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ಗ್ಲುಟಮೇಟ್ ಎನ್ನುವ ಅದರ ಸೋಡಿಯಂ ಲವಣವೇ ಮರುವರ್ಷ ಅಜಿನೊಮೊಟೊ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದಿತು. ನಮ್ಮ ಬೀದಿಯ ಗೋಬಿ ಮಂಚೂರಿ ಅಂಗಡಿಗಳಲ್ಲಿ ಟೇಸ್ಟಿಂಗ್ ಪೌಡರ್ ಎಂದು ಕರೆಯುವ ಬಿಳಿ ಹರಳುಗಳು ಅವೇ. 1913ರಲ್ಲಿ ಇಕೇದಾ ಅವರ ಶಿಷ್ಯ ಶಿಂತಾರೊ ಕೊದಾಮಾ, ಒಣಗಿಸಿದ ಕತ್ಸುವೊ ಮೀನಿನ ಉಮಾಮಿಗೆ ಇನೊಸಿನೇಟ್ ಎಂಬ ಬೇರೆಯೇ ವಸ್ತು ಕಾರಣವೆಂದು ತೋರಿಸಿದರು. ಶಿಟಾಕೆ ಅಣಬೆಯಲ್ಲಿರುವ ಗ್ವಾನಿಲೇಟ್ ಎಂಬ ಮೂರನೆಯ ವಸ್ತುವನ್ನು 1950ರ ದಶಕದಲ್ಲಿ ಅಕಿರಾ ಕುನಿನಾಕಾ ಗುರುತಿಸಿದರು. ನಾಲಿಗೆಯ ಮೇಲೆ ಗ್ಲುಟಮೇಟನ್ನು ಗ್ರಹಿಸುವ ಗ್ರಾಹಕಗಳು 2000ದ ನಂತರದ ವರ್ಷಗಳಲ್ಲಿ ಪತ್ತೆಯಾದ ಮೇಲೆ, ಉಮಾಮಿ ಒಂದು ಮೂಲ ರುಚಿಯೆಂಬ ಮಾತು ಜಪಾನಿನ ಹೊರಗೂ ನೆಲೆಗೊಂಡಿತು.

ಅಡುಗೆ ಮಾಡುವವರಿಗೆ ಈ ಇತಿಹಾಸದಲ್ಲಿ ಮುಖ್ಯವಾದುದು ಕುನಿನಾಕಾ ಅವರು ಕಂಡ ಇನ್ನೊಂದು ಸಂಗತಿ. ಗ್ಲುಟಮೇಟ್ ಇರುವ ದ್ರವಕ್ಕೆ ಇನೊಸಿನೇಟ್ ಅಥವಾ ಗ್ವಾನಿಲೇಟ್ ಸೇರಿದಾಗ ರುಚಿ ಎರಡರ ಮೊತ್ತದಷ್ಟೇ ಆಗುವುದಿಲ್ಲ, ಅದನ್ನು ಮೀರಿ ಹಲವು ಪಟ್ಟು ಹೆಚ್ಚುತ್ತದೆ. ಗ್ಲುಟಮೇಟ್ ಮತ್ತು ಇನೊಸಿನೇಟ್ ಸಮಪ್ರಮಾಣದಲ್ಲಿ ಬೆರೆತಾಗ ಉಮಾಮಿ ಏಳೆಂಟು ಪಟ್ಟು ತೀವ್ರವಾಗಿ ತೋರುತ್ತದೆ ಎಂದು ಮಾಪನಗಳು ಹೇಳುತ್ತವೆ. ಜಪಾನಿನ ಅಡುಗೆಯವರು ಶತಮಾನಗಳಿಂದ ಕೊಂಬುವನ್ನೂ ಕತ್ಸುವೊಬುಶಿ ಎಂಬ ಒಣಗಿಸಿದ ಕತ್ಸುವೊ ಮೀನನ್ನೂ ಜೊತೆಯಾಗಿ ಬಳಸುತ್ತಿರುವುದಕ್ಕೂ, ಬೌದ್ಧ ಮಠಗಳ ಅಡುಗೆಮನೆಗಳಲ್ಲಿ ಮೀನಿನ ಬದಲು ಶಿಟಾಕೆಯನ್ನು ಕೊಂಬುವಿಗೆ ಜೋಡಿಸಿರುವುದಕ್ಕೂ ವಿಜ್ಞಾನದ ವಿವರಣೆ ಇದೇ. ಅದರಿಂದ ಬರುವ ವ್ಯಾವಹಾರಿಕ ನಿಯಮವೂ ಸ್ಪಷ್ಟವಾಗಿದೆ: ಕೊಂಬುವಿನ ಪ್ರಮಾಣವನ್ನು ಇಮ್ಮಡಿಸುವುದಕ್ಕಿಂತ ಅದರೊಂದಿಗೆ ಎರಡು ಶಿಟಾಕೆ ಹಾಕುವುದು ಹೆಚ್ಚು ಫಲ ಕೊಡುತ್ತದೆ.

ಉಮಾಮಿಯ ವಿಷಯದಲ್ಲಿ ಹೊಸಬರನ್ನು ಸೋಲಿಸುವುದು ಅದರ ಇನ್ನೊಂದು ಗುಣ. ಒಳ್ಳೆಯ ದಾಶಿಯನ್ನು ಉಪ್ಪಿಲ್ಲದೆ ಕುಡಿದರೆ ಅದು ಸಮುದ್ರದ ವಾಸನೆಯ ಸಪ್ಪೆ ನೀರಿನಂತೆಯೇ ಇರುತ್ತದೆ, ಇಷ್ಟಕ್ಕಾಗಿ ಇಷ್ಟೊಂದು ಶ್ರಮವೇ ಎನಿಸುತ್ತದೆ. ಒಂದು ಲೋಟ ದಾಶಿಯನ್ನು ಎರಡು ಬಟ್ಟಲಿಗೆ ಹಂಚಿ, ಒಂದಕ್ಕೆ ಮಾತ್ರ ಒಂದು ಚಿಟಿಕೆ ಉಪ್ಪು ಬೆರೆಸಿ ಎರಡನ್ನೂ ಒಂದಾದ ಮೇಲೊಂದರಂತೆ ರುಚಿ ನೋಡಬೇಕು. ಉಪ್ಪು ಬಿದ್ದ ಬಟ್ಟಲಿನಲ್ಲಿ ರುಚಿ ಒಮ್ಮೆಲೇ ತೆರೆದುಕೊಂಡು ನಾಲಿಗೆಯ ಇಡೀ ಮೇಲ್ಮೈಯನ್ನು ಆವರಿಸುತ್ತದೆ, ಬಾಯಲ್ಲಿ ನೀರೂರುತ್ತದೆ, ನುಂಗಿದ ಮೇಲೂ ಕೆಲಹೊತ್ತು ಉಳಿಯುತ್ತದೆ. ಈ ಮೂರು ಅನುಭವಗಳು ಸೇರಿದ್ದೇ ಉಮಾಮಿ. ಇದೇ ಸಂಬಂಧ ಇನ್ನೊಂದು ದಿಕ್ಕಿನಲ್ಲಿಯೂ ಕೆಲಸ ಮಾಡುತ್ತದೆ. ದಾಶಿ ಗಟ್ಟಿಯಾಗಿದ್ದರೆ ಅದೇ ತೃಪ್ತಿಗೆ ಕಡಿಮೆ ಉಪ್ಪು ಸಾಕು. ಹಾಗಾಗಿ ನಿಮೊನೊ ಸಪ್ಪೆಯೆನಿಸಿದಾಗ ಮೊದಲು ಕೇಳಬೇಕಾದ ಪ್ರಶ್ನೆ ದಾಶಿ ದುರ್ಬಲವಾಗಿತ್ತೇ ಅಥವಾ ಶೋಯು ಕಡಿಮೆಯಾಯಿತೇ ಎಂಬುದು, ಮತ್ತು ಒಂದು ಚಮಚ ರಸಕ್ಕೆ ನಾಲ್ಕು ಹರಳು ಉಪ್ಪು ಹಾಕಿ ನೋಡಿದರೆ ಉತ್ತರ ಸಿಗುತ್ತದೆ. ರುಚಿ ತೆರೆದುಕೊಂಡರೆ ಕೊರತೆ ಉಪ್ಪಿನದು. ಬರಿಯ ಉಪ್ಪುಪ್ಪಾದರೆ ಕೊರತೆ ದಾಶಿಯದು.

ಈಗ ದಾಶಿಯನ್ನು ಮಾಡುವ ಕ್ರಮಕ್ಕೆ ಬರೋಣ. ಎಲುಬಿನ ಸೂಪಿಗೆ ಗಂಟೆಗಟ್ಟಲೆ ಕುದಿಸುವ ಅಭ್ಯಾಸವಿರುವವರಿಗೆ ದಾಶಿ ಅಷ್ಟು ಬೇಗ ಆಗುವುದು ಅಚ್ಚರಿಯೆನಿಸಬಹುದು, ಆದರೆ ಅದಕ್ಕೆ ಬೇಕಾದ ಕಾಲವೆಲ್ಲ ಸಾಮಗ್ರಿಯನ್ನು ತಯಾರಿಸುವಾಗಲೇ ಕಳೆದುಹೋಗಿರುತ್ತದೆ. ಪ್ರೋಟೀನಿನೊಳಗೆ ಕಟ್ಟಿಹೋಗಿರುವ ಗ್ಲುಟಮೇಟಿಗೆ ರುಚಿಯಿಲ್ಲ, ಬಿಡಿಯಾಗಿರುವ ಗ್ಲುಟಮೇಟಿಗೆ ಮಾತ್ರ ರುಚಿಯುಂಟು. ಹೊಕ್ಕೈದೊ ತೀರದಲ್ಲಿ ಬೆಳೆಯುವ ಕೊಂಬುವಿನಲ್ಲಿ ಅದು ಬಿಡಿಯಾಗಿಯೇ ಹೇರಳವಾಗಿದೆ, ಮತ್ತು ಪಾಚಿಯನ್ನು ಒಣಗಿಸಿದಾಗ ನೀರು ಹೋಗಿ ಅದು ಇನ್ನಷ್ಟು ಸಾಂದ್ರವಾಗುತ್ತದೆ. ಕತ್ಸುವೊಬುಶಿಗಾಗಿ ಕತ್ಸುವೊ ಎಂಬ ಟ್ಯೂನಾ ಜಾತಿಯ ಮೀನನ್ನು ಬೇಯಿಸಿ, ಮುಳ್ಳು ತೆಗೆದು, ಮತ್ತೆ ಮತ್ತೆ ಹೊಗೆಯಲ್ಲಿ ಒಣಗಿಸಿ, ಉತ್ತಮ ದರ್ಜೆಯದಕ್ಕಾದರೆ ಮೇಲೆ ಬೂಷ್ಟು ಬೆಳೆಸಿ ಬಿಸಿಲಿಗಿಡುವುದನ್ನು ಹಲವು ಬಾರಿ ಮಾಡಿ, ತಿಂಗಳುಗಳ ನಂತರ ಮರದ ತುಂಡಿನಷ್ಟು ಗಟ್ಟಿಯಾದುದನ್ನು ಹೆರೆದು ತೆಳುವಾದ ಎಸಳುಗಳಾಗಿ ಮಾಡುತ್ತಾರೆ. ಕಾಗೊಶಿಮಾ ಪ್ರಾಂತ್ಯದ ಮಾಕುರಾಜಾಕಿ ಮತ್ತು ಶಿಜುವೊಕಾ ಪ್ರಾಂತ್ಯದ ಯಾಯಿಜು ಪಟ್ಟಣಗಳು ಈ ಕಸುಬಿಗೆ ಹೆಸರಾಗಿವೆ. ಅಷ್ಟು ತೆಳುವಾದ ಎಸಳಿನಿಂದ ಸಾರ ಇಳಿಯಲು ಒಂದೆರಡು ನಿಮಿಷ ಸಾಕು.

ಸಾಮಾನ್ಯ ಪ್ರಮಾಣವೆಂದರೆ ಒಂದು ಲೀಟರ್ ನೀರಿಗೆ 10 ಗ್ರಾಂ ಕೊಂಬು ಮತ್ತು 20ರಿಂದ 30 ಗ್ರಾಂ ಕತ್ಸುವೊಬುಶಿ. ಕೊಂಬುವಿನ ಮೇಲೆ ಕಾಣುವ ಬಿಳಿಯ ಪುಡಿಯನ್ನು ಬೂಷ್ಟೆಂದು ತಿಳಿದು ತೊಳೆಯುವವರಿದ್ದಾರೆ. ಅದರಲ್ಲಿ ಹೆಚ್ಚಿನಂಶ ಪಾಚಿಯೊಳಗಿಂದ ಹೊರಬಂದ ಮ್ಯಾನಿಟಾಲ್ ಎಂಬ ಸಿಹಿಯ ವಸ್ತು, ಆದುದರಿಂದ ಮರಳಿದ್ದರೆ ಒಣಬಟ್ಟೆಯಿಂದ ಮೆಲ್ಲಗೆ ಒರೆಸಿದರೆ ಸಾಕು. ಕೊಂಬುವನ್ನು ತಣ್ಣೀರಿನಲ್ಲಿ ಅರ್ಧ ಗಂಟೆಯಾದರೂ ನೆನೆಸಿ, ಆಮೇಲೆ ಸಣ್ಣ ಉರಿಯಲ್ಲಿ ಬಿಸಿ ಮಾಡುತ್ತ, ತಳದಲ್ಲಿ ಸಣ್ಣ ಗುಳ್ಳೆಗಳು ಎದ್ದು ನೀರು ಕುದಿಯುವ ಮುನ್ನವೇ ಎತ್ತಿಬಿಡಬೇಕು. ಕುದಿದರೆ ಪಾಚಿಯ ಲೋಳೆ ನೀರಿಗೆ ಬಿಟ್ಟುಕೊಂಡು ದಾಶಿ ಜಿಗುಟಾಗುತ್ತದೆ ಮತ್ತು ಕಡಲ ವಾಸನೆ ಒರಟಾಗುತ್ತದೆ. ನೀರನ್ನು ಒಮ್ಮೆ ಕುದಿಸಿ, ಉರಿ ಆರಿಸಿ, ಕತ್ಸುವೊಬುಶಿ ಹಾಕಿ, ಎಸಳುಗಳು ತಳಕ್ಕೆ ಇಳಿಯುವವರೆಗೆ ಒಂದೆರಡು ನಿಮಿಷ ಬಿಟ್ಟು, ಬಟ್ಟೆಯಲ್ಲಿ ಸೋಸಬೇಕು. ಬಟ್ಟೆಯನ್ನು ಹಿಂಡಬಾರದು, ಹಿಂಡಿದರೆ ಮೀನಿನ ಒಗರು ಮತ್ತು ಕಹಿ ಇಳಿದು ದಾಶಿ ಮಬ್ಬಾಗುತ್ತದೆ. ಹೀಗೆ ಮೊದಲು ಇಳಿಸಿದ ಹೊಂಬಣ್ಣದ ದ್ರವವೇ ಇಚಿಬಾನ್ ದಾಶಿ, ತಿಳಿ ಸೂಪುಗಳಿಗೆ ಮೀಸಲು. ಸೋಸಿ ಉಳಿದ ಗಸಿಗೆ ಮತ್ತೆ ನೀರು ಹಾಕಿ ಸುಮಾರು ಹತ್ತು ನಿಮಿಷ ಸಣ್ಣಗೆ ಕುದಿಸಿದರೆ ನಿಬಾನ್ ದಾಶಿ ದೊರೆಯುತ್ತದೆ. ಶೋಯು ಮತ್ತು ಸಿಹಿ ಬೀಳುವ ನಮ್ಮ ಕಬೋಚಾ ನಿಮೊನೊಗೆ ಅದೇ ಧಾರಾಳವಾಗಿ ಸಾಕು.

ನೀರಿನ ವಿಷಯವನ್ನು ಪಾಕವಿಧಾನಗಳು ಹೇಳುವುದೇ ಇಲ್ಲ, ಏಕೆಂದರೆ ಜಪಾನಿನ ನಲ್ಲಿಯ ನೀರು ಬಹುತೇಕ ಕಡೆ ಮೆದುವಾಗಿಯೇ ಇರುತ್ತದೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಕೊಂಬುವಿನಿಂದ ಸಾರ ಇಳಿಯುವುದನ್ನು ತಡೆಯುತ್ತದೆ. ಬೆಂಗಳೂರಿನ ಅನೇಕ ಬಡಾವಣೆಗಳಲ್ಲಿ ಬರುವ ಕೊಳವೆಬಾವಿಯ ನೀರಿನಲ್ಲಿ ದಾಶಿ ಮಾಡಿ ಸಪ್ಪೆಯಾಯಿತೆಂದು ಕೊಂಬುವನ್ನು ದೂರುವ ಮೊದಲು, ಕುಡಿಯಲು ಶುದ್ಧೀಕರಿಸಿದ ನೀರಿನಲ್ಲಿ ಒಮ್ಮೆ ಮಾಡಿ ನೋಡುವುದು ಒಳ್ಳೆಯದು.

ಮೀನು ತಿನ್ನದವರು ಇಲ್ಲಿ ನಿಲ್ಲಬೇಕಾಗಿಲ್ಲ, ಆದರೆ ಎಚ್ಚರವಾಗಿರಬೇಕು. ತರಕಾರಿಯ ಅಡುಗೆಯ ಪಾಕವಿಧಾನದಲ್ಲಿ ಬರಿದೇ ದಾಶಿ ಎಂದಿದ್ದರೆ ಅದರಲ್ಲಿ ಮೀನಿದೆಯೆಂದೇ ತಿಳಿಯಬೇಕು, ಏಕೆಂದರೆ ಜಪಾನಿನಲ್ಲಿ ಅದು ಹೇಳದೆಯೇ ತಿಳಿಯುವ ಸಂಗತಿ. ಮಠಗಳ ಶೋಜಿನ್ ಅಡುಗೆಯಲ್ಲಿ ಮೀನು ಮಾಂಸಗಳ ಜೊತೆಗೆ ಈರುಳ್ಳಿ ಬೆಳ್ಳುಳ್ಳಿಗಳನ್ನೂ ಬಿಡುತ್ತಾರಾದ್ದರಿಂದ ಅಲ್ಲಿಯ ಕೊಂಬು ಮತ್ತು ಶಿಟಾಕೆಯ ದಾಶಿ ನಮ್ಮ ಅನೇಕ ಮನೆಗಳಿಗೆ ಹಾಗೆಯೇ ಹೊಂದುತ್ತದೆ. ಅರ್ಧ ಲೀಟರ್ ನೀರಿಗೆ 5 ಗ್ರಾಂ ಕೊಂಬು ಮತ್ತು ಎರಡು ಒಣ ಶಿಟಾಕೆಗಳನ್ನು ಹಾಕಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಬೇಕು. ಬಿಸಿನೀರಿನಲ್ಲಿ ಶಿಟಾಕೆಯನ್ನು ಬೇಗ ನೆನೆಸುವ ಸಲಹೆ ಹಲವೆಡೆ ಕಾಣುತ್ತದೆ, ಆದರೆ ಅದು ಉಮಾಮಿಯ ದೃಷ್ಟಿಯಿಂದ ನಷ್ಟದ ದಾರಿ. ಗ್ವಾನಿಲೇಟ್ ಒಣ ಅಣಬೆಯಲ್ಲಿ ಸಿದ್ಧವಾಗಿರುವುದಕ್ಕಿಂತ ಹೆಚ್ಚಾಗಿ, ಚೆನ್ನಾಗಿ ನೆನೆದ ಅಣಬೆಯನ್ನು ಬಿಸಿ ಮಾಡುವಾಗ ಅದರೊಳಗಿನ ಕಿಣ್ವಗಳಿಂದ ಉಂಟಾಗುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಬಹಳ ಹೊತ್ತು ಬಿಟ್ಟರೆ ಬೇರೆ ಕಿಣ್ವಗಳು ಅದನ್ನು ಒಡೆದುಬಿಡುತ್ತವೆ. ಆದುದರಿಂದ ತಣ್ಣಗೆ ನೆನೆಸಿ, ಆಮೇಲೆ ಒಲೆಗೇರಿಸುವುದು ಸರಿಯಾದ ಕ್ರಮ. ಕೊಂಬುವನ್ನು ಮೊದಲಿನಂತೆ ಕುದಿಯುವ ಮುನ್ನ ತೆಗೆದು, ಶಿಟಾಕೆಯನ್ನು ಮಾತ್ರ ಕೆಲವು ನಿಮಿಷ ಸಣ್ಣಗೆ ಕುದಿಸಿ ಸೋಸಬೇಕು. ಶಿಟಾಕೆಯ ವಾಸನೆ ಗಾಢವಾದುದು. ಎರಡರ ಬದಲು ಐದು ಹಾಕಿದರೆ ಕುಂಬಳದ ಪರಿಮಳವೇ ಮುಚ್ಚಿಹೋಗುತ್ತದೆ.

ಕೊಂಬುವಿನಲ್ಲಿ ಅಯೋಡಿನ್ ಅತಿ ಹೆಚ್ಚಿದೆ ಮತ್ತು ಅದು ಸುಲಭವಾಗಿ ನೀರಿಗೆ ಇಳಿಯುತ್ತದೆ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಥೈರಾಯ್ಡ್ ತೊಂದರೆಯಿರುವವರು ಮತ್ತು ಗರ್ಭಿಣಿಯರು ದಿನವೂ ಕೊಂಬು ದಾಶಿ ಬಳಸುವ ಮೊದಲು ವೈದ್ಯರನ್ನು ಕೇಳುವುದು ಅಗತ್ಯ. ಅಂಥವರಿಗೆ ಶಿಟಾಕೆ ಒಂದರಿಂದಲೇ ಮಾಡಿದ ದಾಶಿ ಸುರಕ್ಷಿತವಾದ ದಾರಿ.

ಪಾಕವಿಧಾನದಲ್ಲಿ ದಾಶಿಯ ಅಳತೆಯನ್ನು ಓದುವಾಗ ಆಗುವ ಒಂದು ತಪ್ಪು ಇಡೀ ಅಡುಗೆಯನ್ನು ಕೆಡಿಸಬಲ್ಲದು. 250 ಮಿ.ಲೀ. ದಾಶಿ ಎಂದರೆ ಸೋಸಿದ ದ್ರವ. ಒಂದು ಸಣ್ಣ ಚಮಚ ದಾಶಿ ಎಂದಿದ್ದರೆ ಅದು ನೀರಿಗೆ ಬೆರೆಸುವ ಹರಳು. ಈ ಹರಳುಗಳಲ್ಲಿ ಮೀನಿನ ಪುಡಿಯ ಜೊತೆಗೆ ಸಾಮಾನ್ಯವಾಗಿ ಉಪ್ಪು, ಸಕ್ಕರೆ ಮತ್ತು ಗ್ಲುಟಮೇಟ್ ಇರುತ್ತವೆ. ಜಪಾನಿನ ಮನೆಗಳಲ್ಲಿಯೂ ಅವುಗಳ ಬಳಕೆ ಸಾಮಾನ್ಯವೇ, ಮತ್ತು ಅವುಗಳಲ್ಲಿನ ಗ್ಲುಟಮೇಟನ್ನು ನಮ್ಮ ನಾಲಿಗೆ ಕೊಂಬುವಿನ ಗ್ಲುಟಮೇಟಿಗಿಂತ ಬೇರೆಯೆಂದು ತಿಳಿಯುವುದಿಲ್ಲ. ಆದರೆ ಉಪ್ಪಿಲ್ಲದ ದಾಶಿಗೆಂದು ಬರೆದ ಶೋಯುವಿನ ಪ್ರಮಾಣವನ್ನು ಹರಳಿನ ದಾಶಿಗೂ ಹಾಗೆಯೇ ಹಾಕಿದರೆ ರಸ ಇಂಗಿದ ಮೇಲೆ ಕುಂಬಳ ಉಪ್ಪಾಗುತ್ತದೆ. ಹರಳು ಬಳಸುವವರು ಶೋಯುವಿನ ಮೂರನೆಯ ಒಂದು ಭಾಗವನ್ನು ಕೊನೆಗೆ ಉಳಿಸಿಕೊಂಡು, ರುಚಿ ನೋಡಿ ಸೇರಿಸಬೇಕು. ಅಳತೆಯ ಇನ್ನೊಂದು ಸಂಗತಿಯೆಂದರೆ ಜಪಾನಿನ ಪಾಕವಿಧಾನದ ಕಪ್ 200 ಮಿ.ಲೀ., ಅಮೆರಿಕದ್ದು ಸುಮಾರು 240 ಮಿ.ಲೀ.; ದೊಡ್ಡ ಚಮಚ 15 ಮಿ.ಲೀ., ಸಣ್ಣ ಚಮಚ 5 ಮಿ.ಲೀ.

ಮಿರಿನ್ ವಿಷಯದಲ್ಲಿ ಅಂತರಜಾಲದ ವಿವರಣೆಗಳು ಸಿಹಿಯಾದ ಅಕ್ಕಿಯ ಮದ್ಯ ಎಂದಷ್ಟೇ ಹೇಳಿ ಮುಂದೆ ಹೋಗುತ್ತವೆ. ಅದು ಸುಳ್ಳಲ್ಲ, ಆದರೆ ಅದು ಅಡುಗೆಯಲ್ಲಿ ಮಾಡುವ ಕೆಲಸ ಅರ್ಥವಾಗಬೇಕಾದರೆ ತಯಾರಿಕೆಯನ್ನು ನೋಡಬೇಕು. ಹಬೆಯಲ್ಲಿ ಬೇಯಿಸಿದ ಅಂಟಕ್ಕಿಗೆ ಕೋಜಿ ಎಂಬ ಬೂಷ್ಟು ಬೆಳೆಸಿದ ಅಕ್ಕಿಯನ್ನೂ ಭಟ್ಟಿಯಿಳಿಸಿದ ಮದ್ಯವನ್ನೂ ಬೆರೆಸಿ ಸುಮಾರು ಎರಡು ತಿಂಗಳು ಇಡುತ್ತಾರೆ. ಕೋಜಿಯ ಕಿಣ್ವಗಳು ಅಕ್ಕಿಯ ಪಿಷ್ಟವನ್ನು ಬಗೆಬಗೆಯ ಸಕ್ಕರೆಗಳಾಗಿಯೂ ಪ್ರೋಟೀನನ್ನು ಅಮೈನೊ ಆಮ್ಲಗಳಾಗಿಯೂ ಒಡೆಯುತ್ತವೆ. ಮೊದಲೇ ಮದ್ಯ ಬೆರೆತಿರುವುದರಿಂದ ಯೀಸ್ಟ್ ಬೆಳೆದು ಆ ಸಕ್ಕರೆಯನ್ನು ತಿಂದುಹಾಕಲು ಆಗುವುದಿಲ್ಲ. ಸಾಕೆ ಎಂಬ ಕುಡಿಯುವ ಮದ್ಯದಲ್ಲಿ ಸಕ್ಕರೆ ಮದ್ಯವಾಗಿ ಬದಲಾಗುತ್ತದೆ, ಮಿರಿನ್‌ನಲ್ಲಿ ಸಕ್ಕರೆಯಾಗಿಯೇ ಉಳಿಯುತ್ತದೆ. ಕೊನೆಗೆ ಹಿಂಡಿ ತೆಗೆದ ತಿಳಿಹಳದಿಯ ದ್ರವದಲ್ಲಿ ಸುಮಾರು 14 ಶೇಕಡಾ ಮದ್ಯಸಾರವೂ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಸಕ್ಕರೆಗಳೂ ಇರುತ್ತವೆ. ಎದೊ ಕಾಲದಲ್ಲಿ, ಅಂದರೆ 17ರಿಂದ 19ನೆಯ ಶತಮಾನದ ನಡುವೆ, ಜನ ಇದನ್ನು ಸಿಹಿ ಪಾನೀಯವಾಗಿ ಕುಡಿಯುತ್ತಿದ್ದರು. ಹಾವುಮೀನಿನ ಸಾಸಿಗೂ ಸೋಬಾದ ರಸಕ್ಕೂ ಬಳಕೆ ಬೆಳೆದ ಮೇಲೆ ಅದು ಅಡುಗೆಮನೆಯ ವಸ್ತುವಾಯಿತು.

ನಮ್ಮ ಪಾತ್ರೆಯಲ್ಲಿ ಇದರ ಕೆಲಸ ಮೂರು ಬಗೆಯದು. ಅದರ ಸಿಹಿಯಲ್ಲಿ ಹೆಚ್ಚಿನಂಶ ಗ್ಲೂಕೋಸ್ ಮತ್ತು ಇತರ ಸಕ್ಕರೆಗಳದಾದ್ದರಿಂದ ಅದು ಸಕ್ಕರೆಯಷ್ಟು ಚುರುಕಾಗಿ ಮೊದಲೇ ಬಂದು ತಾಕುವುದಿಲ್ಲ, ಮೃದುವಾಗಿ ಹಿಂದಿನಿಂದ ಬರುತ್ತದೆ. ಅಳತೆಗೆ ಅಳತೆ ನೋಡಿದರೆ ಸಕ್ಕರೆಯ ಮೂರನೆಯ ಒಂದು ಭಾಗದಷ್ಟು ಮಾತ್ರ ಸಿಹಿ. ಎರಡನೆಯದು ಹೊಳಪು: ರಸ ಇಂಗುತ್ತ ಬಂದಂತೆ ಆ ಸಕ್ಕರೆಗಳು ಹೋಳಿನ ಮೇಲೆ ತೆಳುವಾದ ಪದರವಾಗಿ ನಿಂತು ತೇರಿ ಎಂಬ ಮಿರುಗನ್ನು ಕೊಡುತ್ತವೆ, ತೇರಿಯಾಕಿ ಎಂಬ ಅಡುಗೆಯ ಹೆಸರಿನಲ್ಲಿರುವುದೂ ಈ ತೇರಿಯೇ. ಮೂರನೆಯದು ಮದ್ಯಸಾರದ ಕೆಲಸ. ಅದು ಆವಿಯಾಗಿ ಹೋಗುವಾಗ ಮೀನು ಮಾಂಸಗಳ ಅಹಿತವಾದ ವಾಸನೆಯನ್ನೂ ಒಯ್ಯುತ್ತದೆ, ಮತ್ತು ಸಕ್ಕರೆಯೊಂದಿಗೆ ಸೇರಿ ತರಕಾರಿಯ ಹೋಳು ಕುಸಿದು ಮುದ್ದೆಯಾಗುವುದನ್ನು ನಿಧಾನಗೊಳಿಸುತ್ತದೆ. ಕಬೋಚಾದಲ್ಲಿ ತೆಗೆಯಬೇಕಾದ ವಾಸನೆ ಇಲ್ಲದಿದ್ದರೂ ಅಂಚು ಕಳೆದುಕೊಳ್ಳದ ಹೋಳು ಬೇಕಾಗುತ್ತದೆ, ಆದುದರಿಂದ ಮಿರಿನನ್ನು ಕೊನೆಗೆ ಸುರಿಯದೆ ಮೊದಲೇ ಹಾಕುತ್ತಾರೆ. ಬೇಯಿಸದೆ ಬಳಸುವ ಸಾಸುಗಳಿಗಾದರೆ ಮಿರಿನನ್ನು ಮೊದಲು ಬೇರೆಯಾಗಿ ಕುದಿಸಿ ಮದ್ಯಸಾರವನ್ನು ಹೋಗಲಾಡಿಸುವುದು ಪದ್ಧತಿ. ಹಾಗೆ ಮಾಡದಿದ್ದರೆ ಮೂಗಿಗೆ ಚುಚ್ಚುವ ವಾಸನೆ ಉಳಿಯುತ್ತದೆ.

ಆದರೆ ಮಿರಿನ್ ಎಂಬ ಹೆಸರು ಹೊತ್ತ ಎಲ್ಲ ಬಾಟಲಿಗಳಲ್ಲಿಯೂ ಈ ಗುಣಗಳಿರುವುದಿಲ್ಲ. ಮೇಲೆ ಹೇಳಿದ್ದು ಹೊನ್‌ಮಿರಿನ್. ಜಪಾನಿನಲ್ಲಿ ಅದು ಮದ್ಯದ ತೆರಿಗೆಗೆ ಒಳಪಟ್ಟದ್ದು. ಅಗ್ಗದ ಇನ್ನೊಂದು ಬಗೆಯಲ್ಲಿ ಒಂದು ಶೇಕಡಾಕ್ಕಿಂತ ಕಡಿಮೆ ಮದ್ಯಸಾರವಿದ್ದು, ಗ್ಲೂಕೋಸ್ ಪಾಕ, ಆಮ್ಲ ಮತ್ತು ಅಮೈನೊ ಆಮ್ಲಗಳನ್ನು ಬೆರೆಸಿ ಮಿರಿನ್‌ನ ರುಚಿಯನ್ನು ಹೋಲುವಂತೆ ಮಾಡಿರುತ್ತಾರೆ. ಅದು ಸಿಹಿಯನ್ನೂ ಹೊಳಪನ್ನೂ ಕೊಡುತ್ತದೆ, ಮದ್ಯಸಾರದ ಕೆಲಸವನ್ನು ಮಾಡುವುದಿಲ್ಲ. ಮೂರನೆಯ ಬಗೆಯಲ್ಲಿ ಮದ್ಯಸಾರವಿದೆ, ಆದರೆ ಕುಡಿಯಲಾಗದಂತೆ ಉಪ್ಪು ಬೆರೆಸಿರುತ್ತಾರೆ. ಅದನ್ನು ಹಾಕಿದರೆ ಶೋಯುವನ್ನು ಕಡಿಮೆ ಮಾಡಬೇಕು. ಬಾಟಲಿಯ ಹಿಂದಿನ ಸಾಮಗ್ರಿ ಪಟ್ಟಿಯಲ್ಲಿ ಅಂಟಕ್ಕಿ, ಕೋಜಿ, ಮದ್ಯ ಇಷ್ಟೇ ಇದೆಯೇ, ಪಾಕ ಮೊದಲು ಬಂದಿದೆಯೇ, ಉಪ್ಪು ಇದೆಯೇ ಎಂದು ನೋಡಿದರೆ ಬಗೆ ತಿಳಿಯುತ್ತದೆ.

ಮಿರಿನ್ ಸಿಗದಿದ್ದರೆ ಒಂದು ದೊಡ್ಡ ಚಮಚ ಮಿರಿನ್‌ಗೆ ಒಂದು ದೊಡ್ಡ ಚಮಚ ಸಾಕೆ ಮತ್ತು ಒಂದು ಸಣ್ಣ ಚಮಚ ಸಕ್ಕರೆ ಎಂಬ ಲೆಕ್ಕ ಚೆನ್ನಾಗಿ ನಡೆಯುತ್ತದೆ. ಮದ್ಯವನ್ನೇ ಬಳಸದ ಮನೆಯಲ್ಲಿ, ಕುದಿಸಿದರೆ ಮದ್ಯಸಾರ ಪೂರ್ತಿ ಹೋಗಿಬಿಡುತ್ತದೆ ಎಂಬ ಮಾತನ್ನು ನಂಬಿ ಮಿರಿನ್ ಹಾಕಬಾರದು. ಹತ್ತು ಹದಿನೈದು ನಿಮಿಷದ ಬೇಯುವಿಕೆಯಲ್ಲಿ ಅದರ ಗಣನೀಯ ಭಾಗ ಉಳಿದಿರುತ್ತದೆ. ಅಂಥಲ್ಲಿ ಪ್ರತಿ ದೊಡ್ಡ ಚಮಚಕ್ಕೆ ಒಂದು ಸಣ್ಣ ಚಮಚ ಸಕ್ಕರೆ ಮತ್ತು ಉಳಿದಷ್ಟು ದಾಶಿ ಸಾಕು. ಹೊಳಪು ಸ್ವಲ್ಪ ಕಡಿಮೆಯಾಗುತ್ತದೆ, ಸಿಹಿ ಸ್ವಲ್ಪ ಚೂಪಾಗುತ್ತದೆ, ಕುಂಬಳದಲ್ಲಿ ಅದು ದೊಡ್ಡ ಕೊರತೆಯಲ್ಲ. ಮೀನಿನ ನಿಮೊನೊದಲ್ಲಿ ಮಾತ್ರ ವ್ಯತ್ಯಾಸ ಎದ್ದು ಕಾಣುತ್ತದೆ. ವಿನೆಗರ್ ಬಳಸುವ ಸಲಹೆಯನ್ನು ನಾನು ಒಪ್ಪುವುದಿಲ್ಲ; ನಿಮೊನೊದ ರಸದಲ್ಲಿ ಹುಳಿಗೆ ಎಡೆಯಿಲ್ಲ.

ಇಷ್ಟನ್ನು ತಿಳಿದು ಪಾತ್ರೆಯನ್ನು ಒಲೆಯ ಮೇಲಿಡೋಣ. ಕಬೋಚಾ ಸಿಕ್ಕರೆ ಬೀಜ ತೆಗೆದು, ಸಿಪ್ಪೆಯನ್ನು ಅಲ್ಲಲ್ಲಿ ಮಾತ್ರ ಹೆರೆದು, ಎರಡು ತುತ್ತಾಗುವಷ್ಟು ದೊಡ್ಡ ಹೋಳು ಮಾಡಿ, ಚೂಪಾದ ಅಂಚುಗಳನ್ನು ಚಾಕುವಿನಿಂದ ಸವರಬೇಕು. ಒಂದಕ್ಕೊಂದು ತಾಗಿ ಮೊದಲು ಕಳಚುವುದು ಆ ಅಂಚುಗಳೇ. ಅಗಲವಾದ ಪಾತ್ರೆಯಲ್ಲಿ ಸಿಪ್ಪೆ ಕೆಳಗಾಗುವಂತೆ ಒಂದೇ ಪದರದಲ್ಲಿ ಜೋಡಿಸಿ, 250 ಮಿ.ಲೀ. ದಾಶಿ, ಸಕ್ಕರೆ ಮತ್ತು ಮಿರಿನ್ ಹಾಕಿ ಕುದಿ ಬರಿಸಬೇಕು. ದ್ರವ ಹೋಳುಗಳನ್ನು ಮುಳುಗಿಸದೆ ಮುಕ್ಕಾಲು ಎತ್ತರಕ್ಕೆ ಬಂದರೆ ಸರಿ. ಅದರ ಮೇಲೆ ಹೋಳುಗಳನ್ನು ತಾಕುವಂತೆ ಒತೊಶಿಬುತಾ ಎಂಬ ಒಳಮುಚ್ಚಳ ಇಡುತ್ತಾರೆ. ಪಾತ್ರೆಯ ಬಾಯಿಯಷ್ಟು ಗುಂಡಗೆ ಕತ್ತರಿಸಿ ನಡುವೆ ತೂತು ಮಾಡಿದ ಬೇಕಿಂಗ್ ಕಾಗದ ಅದೇ ಕೆಲಸ ಮಾಡುತ್ತದೆ. ಕುದಿಯುವ ರಸ ಮುಚ್ಚಳಕ್ಕೆ ತಾಗಿ ಹೋಳುಗಳ ಮೇಲೆ ಮರಳಿ ಹರಿಯುವುದರಿಂದ ಕಡಿಮೆ ದ್ರವದಲ್ಲಿಯೇ ಮೇಲಿನ ಭಾಗವೂ ಬೇಯುತ್ತದೆ, ಸೌಟಿನಿಂದ ಕಲಕುವ ಅಗತ್ಯ ಬೀಳುವುದಿಲ್ಲ.

ಸುಮಾರು ಐದು ನಿಮಿಷದ ನಂತರ ಶೋಯು ಹಾಕಬೇಕು. ಸಿಹಿಯನ್ನು ಮೊದಲು, ಉಪ್ಪಿನದನ್ನು ಆಮೇಲೆ ಹಾಕುವುದು ಜಪಾನೀ ಅಡುಗೆಯ ಹಳೆಯ ಕ್ರಮ. ಸಕ್ಕರೆ ಹೋಳಿನೊಳಗೆ ಇಳಿಯಲು ಉಪ್ಪಿಗಿಂತ ಹೆಚ್ಚು ಹೊತ್ತು ಬೇಕು, ಶೋಯುವಿನ ಪರಿಮಳವಾದರೋ ಹೆಚ್ಚು ಕುದಿದಷ್ಟೂ ಹಾರಿಹೋಗುತ್ತದೆ. ಇಲ್ಲಿ ಬೇಕಾದುದು ಕೊಯಿಕುಚಿ ಎಂಬ ಸಾಮಾನ್ಯ ಜಪಾನೀ ಶೋಯು. ತಿಳಿಬಣ್ಣದ ಉಸುಕುಚಿ ಶೋಯು ನೋಟಕ್ಕೆ ಹಗುರವಾದರೂ ಅದರಲ್ಲಿ ಉಪ್ಪು ಸಾಮಾನ್ಯ ಶೋಯುವಿಗಿಂತ ಹೆಚ್ಚು, ಆದುದರಿಂದ ಬಣ್ಣ ನೋಡಿ ಹೆಚ್ಚು ಸುರಿಯಬಾರದು. ಚೀನೀ ಅಡುಗೆಯ ಕಡುಗಪ್ಪು ಸೋಯಾ ಸಾಸ್ ಇಲ್ಲಿ ಹೊಂದುವುದಿಲ್ಲ. ಅದು ಬಣ್ಣದಿಂದ ಕುಂಬಳವನ್ನು ಮುಚ್ಚಿಬಿಡುತ್ತದೆ. ಮತ್ತೆ ಆರೇಳು ನಿಮಿಷ ಸಣ್ಣ ಉರಿಯಲ್ಲಿ ಬೇಯಿಸಿ, ಬಿದಿರಿನ ಕಡ್ಡಿ ಸಲೀಸಾಗಿ ಇಳಿದಾಗ ಉರಿ ಆರಿಸಿ, ಅರ್ಧ ಗಂಟೆಯಾದರೂ ಹಾಗೆಯೇ ಬಿಡಬೇಕು. ಹೋಳು ತಣಿಯುತ್ತಿರುವ ಈ ಹೊತ್ತಿನಲ್ಲಿ ರಸ ಒಳಕ್ಕೆ ಇಳಿಯುವುದು ಮುಂದುವರಿಯುತ್ತದೆ, ಹೋಳು ಮಾತ್ರ ಕುದಿತದಿಂದ ಒಡೆಯುವುದಿಲ್ಲ. ಮಾಡಿದೊಡನೆ ಬಡಿಸಿ ರುಚಿ ಮೇಲೆಮೇಲೆಯೇ ಇದೆಯೆಂದು ದೂರುವವರು ಬಿಟ್ಟಿರುವುದು ಸಾಮಾನ್ಯವಾಗಿ ಈ ಅರ್ಧ ಗಂಟೆಯನ್ನು.

ನಮ್ಮ ಸಂತೆಯ ಸಿಹಿಗುಂಬಳದಲ್ಲಿ ಕಬೋಚಾಕ್ಕಿಂತ ನೀರು ಹೆಚ್ಚು, ಪಿಷ್ಟ ಕಡಿಮೆ. ಅದಕ್ಕೆ 150 ಮಿ.ಲೀ. ದಾಶಿಯೇ ಸಾಕು, ಆದರೆ ಕಡಿಮೆ ದ್ರವದಲ್ಲಿ ಅಷ್ಟೇ ಉಮಾಮಿ ಬೇಕಾದ್ದರಿಂದ ದಾಶಿ ಗಟ್ಟಿಯಾಗಿರಬೇಕು. ಅರ್ಧ ಲೀಟರಿಗೆ ಹೇಳಿದ ಕೊಂಬು ಮತ್ತು ಶಿಟಾಕೆಯನ್ನು 300 ಮಿ.ಲೀ. ನೀರಿನಲ್ಲಿ ನೆನೆಸಿದರೆ ಆಗುತ್ತದೆ. ಕುಂಬಳವೇ ಸಿಹಿಯಾಗಿದ್ದರೆ ಸಕ್ಕರೆಯನ್ನು ಅರ್ಧಕ್ಕಿಳಿಸಿ, ಮಿರಿನನ್ನು ಹಾಗೆಯೇ ಉಳಿಸಬೇಕು, ಏಕೆಂದರೆ ಹೊಳಪು ಬರುವುದು ಅದರಿಂದ. ಎಂಟು ನಿಮಿಷಕ್ಕೇ ಕಡ್ಡಿ ಚುಚ್ಚಿ ನೋಡಲಾರಂಭಿಸುವುದು ಕ್ಷೇಮ.

ಇದೇ ಮೂರು ದ್ರವಗಳ ಪ್ರಮಾಣವನ್ನು ಬದಲಿಸಿದರೆ ಬೇರೆ ಅಡುಗೆಗಳಾಗುತ್ತವೆ. ದಾಶಿ ಎಂಟು ಪಾಲು, ಮಿರಿನ್ ಒಂದು, ಶೋಯು ಒಂದು ಎಂದರೆ ಸಾಮಾನ್ಯ ನಿಮೊನೊ. ದಾಶಿಯನ್ನು ನಾಲ್ಕು ಪಾಲಿಗಿಳಿಸಿ ಒಮ್ಮೆ ಕುದಿಸಿದರೆ ತೆಂಪುರಾ ಎಂಬ ಕರಿದ ತಿನಿಸನ್ನು ಅದ್ದಿಕೊಳ್ಳುವ ತೆನ್‌ತ್ಸುಯು. ಹದಿನೈದು ಪಾಲಿನ ಹತ್ತಿರಕ್ಕೇರಿಸಿದರೆ ಬಿಸಿ ಉದೊನ್‌ಗೆ ಸುರಿಯುವ ರಸ. ಅದ್ದುವ ರಸದಲ್ಲಿ ನಾಲಿಗೆಗೆ ತಾಕುವುದು ಸ್ವಲ್ಪವೇ ಆದ್ದರಿಂದ ಅದು ಗಾಢವಾಗಿರುತ್ತದೆ, ಬಟ್ಟಲುಗಟ್ಟಲೆ ಕುಡಿಯುವ ರಸ ತೆಳುವಾಗಿರುತ್ತದೆ. ಉದೊನ್ ರಸದಲ್ಲಿ ದಾಶಿಯ ಪಾಲು ಇಷ್ಟು ಹೆಚ್ಚಿರುವುದರಿಂದ ಅಲ್ಲಿ ಕುದಿದ ಕೊಂಬುವಿನ ಲೋಳೆಯಾಗಲಿ ಹಿಂಡಿದ ಕತ್ಸುವೊಬುಶಿಯ ಒಗರಾಗಲಿ ಅಡಗುವುದಿಲ್ಲ; ತೆನ್‌ತ್ಸುಯುವಿನಲ್ಲಿ ಶೋಯು ಅವುಗಳನ್ನು ಬಹುಮಟ್ಟಿಗೆ ಮುಚ್ಚುತ್ತದೆ.

ದಾಶಿ ಇಳಿಸಿದ ಕೊಂಬುವನ್ನು ಮತ್ತು ಶಿಟಾಕೆಯನ್ನು ಎಸೆಯಬೇಕಾಗಿಲ್ಲ. ಎರಡನ್ನೂ ಸಣ್ಣಗೆ ಹೆಚ್ಚಿ, ಮುಳುಗುವಷ್ಟು ನೀರಿನಲ್ಲಿ ಕೊಂಬು ಮೆತ್ತಗಾಗುವವರೆಗೆ ಬೇಯಿಸಿ, ಶೋಯು, ಮಿರಿನ್, ಸ್ವಲ್ಪ ಸಕ್ಕರೆ ಹಾಕಿ ರಸ ಪೂರ್ತಿ ಇಂಗುವವರೆಗೆ ಸಣ್ಣ ಉರಿಯಲ್ಲಿ ಬಾಡಿಸಿದರೆ ತ್ಸುಕುದಾನಿ ಎಂಬ ನಂಜಿಕೊಳ್ಳುವ ಪದಾರ್ಥವಾಗುತ್ತದೆ. ಉಪ್ಪೂ ಸಿಹಿಯೂ ಗಾಢವಾಗಿರುವುದರಿಂದ ಫ್ರಿಜ್ಜಿನಲ್ಲಿ ಒಂದು ವಾರ ಇಡಬಹುದು, ಬಿಸಿ ಅನ್ನಕ್ಕೆ ಅರ್ಧ ಚಮಚದಷ್ಟು ಸಾಕು.